ಚಿಕ್ಕಬೋರಮ್ಮನಿಗೆ ಬಂದ ತೆರಿಗೆ ನೋಟೀಸು

ಹುಣಸೇಕೊಪ್ಪಲಿನ ಚಿಕ್ಕಬೋರಮ್ಮನಿಗೆ ಆದಾಯ ತೆರಿಗೆಯ ನೋಟೀಸು ಬಂದ ದಿನ, ಊರಿನ ಅರ್ಧ ಜನ ಅವಳಿಗೇನೋ ಕೇಡು ಬಂತೆಂದು ಓಡಿ ಬಂದರು. ಉಳಿದರ್ಧ ಜನ ಅವಳ ಮನೆಯಲ್ಲಿ ಹಣ ಎಲ್ಲಿ ಹೂತಿದೆಯೋ ನೋಡಿಕೊಂಡು ಹೋಗೋಣವೆಂದು ಬಂದರು. ಚಿಕ್ಕಬೋರಮ್ಮ ಮಾತ್ರ ಆ ಕಾಗದವನ್ನು ಅರಿಸಿನ ಕುಂಕುಮದ ತಟ್ಟೆಯಲ್ಲಿಟ್ಟು, ದೇವರ ಗೂಡಿನ ಮುಂದೆ ನಿಂತು ಕೈ ಮುಗಿಯುತ್ತಿದ್ದಳು.

ಅವಳ ಖುಷಿಗೆ ಕಾರಣವಿತ್ತು. ಆ ಸುತ್ತಿನ ಏಳೂರಿನಲ್ಲಿ ಆದಾಯ ತೆರಿಗೆ ಕಟ್ಟುವ ಮನುಷ್ಯ ಒಬ್ಬನೇ, ಭತ್ತದ ಗಿರಣಿಯ ದೊಡ್ಡಸಿದ್ದಯ್ಯ. ಆತ ಎಲ್ಲಿ ಹೋದರೂ ಕುರ್ಚಿ ಹಾಕುತ್ತಿದ್ದರು. ಕುರ್ಚಿ ಇಲ್ಲದ ಮನೆಯಲ್ಲಿ ಒರಳುಕಲ್ಲು ತೊಳೆದು ಮಗುಚಿ ಅದರ ಮೇಲೆ ಕಂಬಳಿ ಹಾಸುತ್ತಿದ್ದರು. 'ವರ್ಷ ವರ್ಷ ಸರ್ಕಾರಕ್ಕೆ ಸುರೀತೀನಿ, ಸುರೀತೀನಿ' ಎಂದು ಆತ ನರಳುವುದನ್ನು ಕೇಳಿದರೆ, ಇಂಥ ನರಳಾಟ ತಮಗೂ ಬರಬಾರದೇ ಎಂದು ಊರಿನವರಿಗೆ ಆಸೆಯಾಗುತ್ತಿತ್ತು. ಚಿಕ್ಕಬೋರಮ್ಮನಿಗಂತೂ ಆಗಿಯೇ ಆಗಿತ್ತು.

"ಏನಮ್ಮಿ ಇದು? ನಾವು ಯಾರ್ಗೂ ಏನೂ ಮಾಡ್ನಿಲ್ವಲ್ಲ!" ಎಂದು ಗಂಡ ಮರಿಸಿದ್ದಯ್ಯ ಬಾಗಿಲಲ್ಲೇ ನಿಂತು ಬೆವರು ಒರೆಸಿಕೊಂಡ. ಒಳ್ಳೆಯ ಮನುಷ್ಯ, ಖಾಕಿ ಕಂಡರೆ ಮಾತ್ರ ದೂರದಿಂದಲೇ ಕೈ ಮುಗಿಯುತ್ತಿದ್ದ. ಅಂಚೆಯವನ ಖಾಕಿಯೂ ಅವನಿಗೆ ಖಾಕಿಯೇ.

"ಮಾಡೋದೇನು ಬಂತು? ಸಂಪಾದ್ನೆ ಮಾಡಿವ್ನಿ ಕನಾ, ಅದ್ಕೇ ಸರ್ಕಾರ ಕಾಗ್ದ ಬರ್ದದೆ. ನಿಮ್ಗೆ ಬರ್ದದಾ? ದೊಡ್ಡಸಿದ್ದಯ್ಯಂಗೆ ಬರೀತದೆ, ನಂಗೆ ಬರೀತದೆ. ಬುಡಿ, ಒಳೀಕ್ ಬನ್ನಿ."

ಸಂಪಾದನೆಯ ಕಥೆ ಇಷ್ಟು. ಹತ್ತಿರದಲ್ಲೇ ಬ್ಲಫ್ ಎಂಬಲ್ಲಿರುವ ವಿದ್ಯುತ್ ಕೇಂದ್ರದ ನೌಕರರ ಕಾಲೋನಿಗೆ ಮೊದಲು ಹಾಲು ಒಯ್ಯುತ್ತಿದ್ದವನು ಮಳವಳ್ಳಿಯ ಒಬ್ಬ ಗುತ್ತಿಗೆದಾರ. ಹೆಂಗಸರ ಹತ್ತಿರ ಹಾಲು ಅಳೆದುಕೊಳ್ಳುವಾಗ ಅವನ ಸೇರು ಉಕ್ಕಿ ಹರಿಯುತ್ತಿತ್ತು. ಕಾಲೋನಿಯಲ್ಲಿ ಅಳೆದು ಕೊಡುವಾಗ ಅದೇ ಸೇರಿನೊಳಗೆ ಅವನ ಹೆಬ್ಬೆರಳು ಸ್ನಾನ ಮಾಡುತ್ತಿತ್ತು. ಒಂದು ದಿನ ಚಿಕ್ಕಬೋರಮ್ಮ ಕಾಲೋನಿಗೇ ಹೋಗಿ ಆ ಹೆಬ್ಬೆರಳನ್ನು ಸೇರಿನೊಳಗೇ ಹಿಡಿದುಕೊಂಡು ಕಾಲೋನಿಯೆಲ್ಲ ಸೇರುವವರೆಗೆ ಬಿಡಲಿಲ್ಲ. ಅಲ್ಲಿಗೆ ಅವನ ವ್ಯಾಪಾರ ಮುಗಿಯಿತು. ಹನ್ನೆರಡು ಜನ ಹೆಂಗಸರು ಒಂದಾಗಿ ತಾವೇ ಹಾಲು ಒಯ್ಯತೊಡಗಿದರು. ಕಾಲೋನಿಯ ಆಫೀಸಿನವರು, 'ಹನ್ನೆರಡು ಜನಕ್ಕೆ ಬಿಲ್ಲು ಬರೆಯಲು ಆಗದು, ಒಂದು ಹೆಸರು ಹೇಳಿ' ಎಂದಾಗ ಚಿಕ್ಕಬೋರಮ್ಮ ಯಾರನ್ನೂ ಕೇಳದೆ ತನ್ನ ಹೆಸರು ಹೇಳಿದಳು. ಸರ್ಕಾರದ ಕಣ್ಣಿಗೆ ಹನ್ನೆರಡು ಮನೆಯ ಹಾಲಿನ ಹಣವೆಲ್ಲ ಅವಳೊಬ್ಬಳ ಹಣವಾಗಿ ಕಂಡದ್ದು ಹೀಗೆ.

ಹಣದ ವ್ಯವಸ್ಥೆ ಸರಳವಾಗಿತ್ತು. ಕಾಲೋನಿಯವರು ಸೇರಿಗೆ ಕೊಡುವುದು ಒಂದು ದರ, ಹಾಲು ತಂದವಳಿಗೆ ವಾರ ವಾರ ಕೊಡುವುದು ಅದಕ್ಕಿಂತ ತುಸು ಕಮ್ಮಿ ದರ. ಮಧ್ಯೆ ಉಳಿದದ್ದು ಒಂದು ಗಡಿಗೆಗೆ ಬೀಳುತ್ತಿತ್ತು. ವರ್ಷದ ಕೊನೆಗೆ ಯಾರು ಎಷ್ಟು ಹಾಲು ಹಾಕಿದ್ದಾರೋ ಅದರ ಪ್ರಕಾರ ಹಂಚಿಕೊಳ್ಳುವುದೆಂದು ಮಾತಾಗಿತ್ತು. ಲೆಕ್ಕಕ್ಕೆ ಚಿಕ್ಕಬೋರಮ್ಮ ಎಮ್ಮೆ ಕಟ್ಟುವ ಹಟ್ಟಿಯ ಗೋಡೆ. ಒಬ್ಬೊಬ್ಬಳಿಗೆ ಒಂದೊಂದು ಸಾಲು. ಒಂದು ಸೇರಿಗೆ ಒಂದು ಸುಣ್ಣದ ಬೊಟ್ಟು. ಸಹಕಾರ ಇಲಾಖೆಯ ಇನ್‌ಸ್ಪೆಕ್ಟರು ಸಿದ್ದರಾಜು ಸೈಕಲ್ಲಿನಲ್ಲಿ ಬಂದಾಗಲೆಲ್ಲ, 'ಇದನ್ನು ಕ್ರಮವಾಗಿ ಸಹಕಾರ ಸಂಘ ಅಂತ ನೋಂದಾಯಿಸಿಬಿಡಿ, ಹತ್ತು ಜನ ಇದ್ದರೆ ಸಾಕು, ನೀವು ಹನ್ನೆರಡು ಜನ ಇದ್ದೀರಿ' ಎನ್ನುತ್ತಿದ್ದ. ನೋಂದಾಯಿಸಿದರೆ ಅಧ್ಯಕ್ಷರ ಚುನಾವಣೆ ಆಗುತ್ತದೆಂದು ಗೊತ್ತಾದ ಮೇಲೆ ಚಿಕ್ಕಬೋರಮ್ಮ, 'ಮಾಡಾನ ಬುಡಿ ಸ್ವಾಮಿ, ಅಬ್ಬ ಕಳೀಲಿ' ಎಂದು ಒಂದರ ಮೇಲೊಂದು ಹಬ್ಬ ತೋರಿಸುತ್ತಿದ್ದಳು.

ಅವಳು ಹೆದರುತ್ತಿದ್ದದ್ದು ಚುನಾವಣೆಗಲ್ಲ, ದೇವಿರಮ್ಮನಿಗೆ. ದೇವಿರಮ್ಮ ಪಕ್ಕದ ಮನೆಯವಳು. ಇವಳು ಹೌದೆಂದರೆ ಅಲ್ಲ ಎನ್ನುವವಳು. ಹೋದ ವರ್ಷ ದೇವಿರಮ್ಮನ ಎಮ್ಮೆ ಗಬ್ಬವಾಗಿ ಹಾಲು ನಿಲ್ಲಿಸಿದ್ದಾಗ, ಅವಳ ಬಾಯಿ ಕಟ್ಟುವುದಕ್ಕೆಂದೇ ಚಿಕ್ಕಬೋರಮ್ಮ ಒಂದು ಕಾನೂನು ಮಾಡಿದ್ದಳು: 'ಆಲು ಆಕ್ದೇ ಇರೋಳ್ಗೆ ನಮ್ ಗುಂಪ್ನಾಗೆ ಮಾತಿಲ್ಲ.' ಮೂರು ತಿಂಗಳು ದೇವಿರಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಆ ಮೂರು ತಿಂಗಳು ಚಿಕ್ಕಬೋರಮ್ಮನ ಜೀವನದಲ್ಲಿ ಬಲು ಸುಖವಾದ ಕಾಲ.

ಈಗ ಚಿಕ್ಕಬೋರಮ್ಮನ ಎಮ್ಮೆಯೇ ಸಂಕ್ರಾಂತಿ ಕಳೆದ ಮೇಲೆ ಒಂದು ತೊಟ್ಟು ಹಾಲು ಕೊಟ್ಟಿರಲಿಲ್ಲ.

ಇದು ಅವಳಿಗೂ ಗಂಡನಿಗೂ ಎಮ್ಮೆಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೇಳಿದವರಿಗೆ ಅವಳು, 'ನಮ್ಮೆಮ್ಮೆ ಆಲು ಈ ಸತಿ ಮಾದಪ್ಪಂಗೆ ಮೀಸ್ಲು ಬುಟ್ಟಿವ್ನಿ. ಮಾರಂಗಿಲ್ಲ, ಬೆಣ್ಣೆ ತಗ್ದು ಬೆಟ್ಟಕ್ಕೆ ಒಪ್ಪಿಸ್ಬೇಕು' ಎಂದು ಹೇಳಿಬಿಟ್ಟಿದ್ದಳು. ದೇವರಿಗೆ ಮೀಸಲಿಟ್ಟದ್ದನ್ನು ತೋರಿಸು ಎಂದು ಕೇಳುವವರು ಆ ಸೀಮೆಯಲ್ಲೇ ಇಲ್ಲ, ದೇವಿರಮ್ಮನೂ ಕೇಳಲಿಲ್ಲ; ದೇವರಿಗೆ ಹಾಕಿದ್ದೂ ಹಾಕಿದ ಲೆಕ್ಕವೇ ಎಂದು ಗುಂಪಿನಲ್ಲಿ ಚಿಕ್ಕಬೋರಮ್ಮನ ಮಾತು ಉಳಿಯಿತು. ಹಾಲೇ ಹಾಕದೆ, ಒಂದು ಕಾಸು ತೆಗೆದುಕೊಳ್ಳದೆ, ದಿನಾ ಕೋಳಿ ಕೂಗುವ ಹೊತ್ತಿಗೆದ್ದು ಎಲ್ಲರ ಹಾಲನ್ನೂ ಬ್ಲಫಿಗೆ ಹೊತ್ತು ಹಾಕಿ ಬರುತ್ತಿದ್ದಳು ಪುಣ್ಯಾತ್ಗಿತ್ತಿ. ಯಜಮಾನಿಕೆ ಅಂದರೆ ಅವಳಿಗೆ ಅಷ್ಟು ಆಸೆ. ರಾತ್ರಿ ಮಲಗುವಾಗ ಮಾತ್ರ ಮಾದಪ್ಪನ ಬೆಟ್ಟದ ದಿಕ್ಕಿಗೆ ಬೆನ್ನು ಮಾಡಿ ಮಲಗುತ್ತಿದ್ದಳು.

ಇಂಥ ಇಕ್ಕಟ್ಟಿನಲ್ಲಿ ನೋಟೀಸು ಬಂದರೆ ಅದು ಶಿಕ್ಷೆಯಂತೆ ಕಾಣುವುದುಂಟೇ? ಸರ್ಕಾರವೇ ತನ್ನನ್ನು ಯಜಮಾನಿ ಎಂದು ಒಪ್ಪಿದ ಮೇಲೆ ದೇವಿರಮ್ಮನದೇನು? ಚಿಕ್ಕಬೋರಮ್ಮ ಆ ವಾರವೆಲ್ಲ ದೊಡ್ಡಸಿದ್ದಯ್ಯನ ಹಾಗೆಯೇ ನರಳಿಕೊಂಡು ತಿರುಗಿದಳು. ನೀರು ಸೇದುವಲ್ಲಿ ನರಳಿದಳು, ಬಟ್ಟೆ ಒಗೆಯುವಲ್ಲಿ ನರಳಿದಳು. 'ಏನ್ ಮಾಡಾದವ್ವ, ಸರ್ಕಾರ್ದೋರು ಬುಡಾಕಿಲ್ಲ ನಮ್ಮಂಥೋರ್ನ.' ದೂರದ ನೆಂಟನೊಬ್ಬ ಸಾಲ ಕೇಳಲು ಬಂದ. ಅವನಿಗೆ ಸಾಲ ಕೊಡದಿದ್ದರೂ ಅವನು ಕೇಳಿದನಲ್ಲ ಎಂಬ ಸಂತೋಷಕ್ಕೆ ಒಬ್ಬಟ್ಟು ಮಾಡಿ ಹಾಕಿ ಕಳಿಸಿದಳು. ದೊಡ್ಡಸಿದ್ದಯ್ಯನೇ ದಾರಿಯಲ್ಲಿ ಸಿಕ್ಕಿ, "ಏನವ್ವ, ನೀನೂ ನಮ್ ಜಾತಿಗೆ ಸೇರ್ಬುಟ್ಟೆ" ಎಂದಾಗ ಅವಳಿಗೆ ನೆಲ ಕಾಣಲಿಲ್ಲ.

ತೆರಿಗೆ ಅಧಿಕಾರಿ ಮಳವಳ್ಳಿಯಲ್ಲಿ ಕ್ಯಾಂಪು ಮಾಡುತ್ತಾರೆ, ಆಗ ಲೆಕ್ಕ ತೋರಿಸಬೇಕು ಎಂದು ನೋಟೀಸಿನಲ್ಲಿತ್ತು. ಓದಿ ಹೇಳಿದ ಶಾಲೆಯ ಮೇಷ್ಟರು ಮಾತಿಗೆ, "ಲೆಕ್ಕ ಸರಿ ಕಾಣದಿದ್ದರೆ ಅವರೇ ಮನೆಗೆ ಬಂದು ನೋಡಿದರೂ ನೋಡಬಹುದು" ಎಂದರು. ಚಿಕ್ಕಬೋರಮ್ಮ ಆ ಮಾತಿನಲ್ಲಿ 'ಮನೆಗೆ ಬಂದರೂ ಬರಬಹುದು' ಎಂಬುದನ್ನು ಮಾತ್ರ ಇಟ್ಟುಕೊಂಡಳು. ದೊಡ್ಡ ಅಧಿಕಾರಿ ಬರುವ ಮನೆ ಹೇಗಿರಬೇಕು? ಅಂದೇ ಕೆಮ್ಮಣ್ಣು ತರಿಸಿದಳು. ಸಗಣಿ ಕಲಸಿದಳು. ಎರಡು ದಿನ ಸೆರಗು ಕಟ್ಟಿ ನಿಂತು ಮನೆಯ ಒಳಗೋಡೆ, ಹೊರಗೋಡೆ, ಜಗಲಿ ಎಲ್ಲ ಸಾರಿಸಿದಳು. ಮೂರನೆಯ ದಿನ ಮಿಕ್ಕ ಕೆಮ್ಮಣ್ಣನ್ನು ಹಾಳು ಮಾಡುವುದೇಕೆ ಎಂದು ಹಟ್ಟಿಯ ಗೋಡೆಗೂ ದಪ್ಪನಾಗಿ ಬಳಿದು, ಅದರ ಮೇಲೆ ಎರಡು ನವಿಲು, ಒಂದು ಕಳಸ, ನಡುವೆ ಸೈಕಲ್ಲಿನ ಮೇಲೆ ಕೂತ ಅಧಿಕಾರಿಯ ಚಿತ್ರವನ್ನೂ ಬರೆದಳು.

ಸಾಯಂಕಾಲ ಹಾಲು ತಂದ ಸುಲ್ತಾನ್ ಬೀ ಹಟ್ಟಿಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಗಂಡ ಖಾಸಿಂ ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುವವನು. ಇವಳು ಮನೆಯಲ್ಲಿ ಎಮ್ಮೆ ಕಟ್ಟಿಕೊಂಡು ಸಂಸಾರ ತೂಗಿಸುವವಳು. ಜಾಸ್ತಿ ಮಾತಿನವಳಲ್ಲ.

"ಅಕ್ಕಾ," ಎಂದಳು ಮೆಲ್ಲಗೆ, "ನವಿಲು ಚೆಂದಾಗದೆ. ನನ್ ಬೊಟ್ಟು ಎಲ್ಲೋದೊ?"

ಚಿಕ್ಕಬೋರಮ್ಮ ಗೋಡೆ ನೋಡಿದಳು. ಒಂದು ವರ್ಷದ ಹಾಲಿನ ಲೆಕ್ಕ ನವಿಲಿನ ಹೊಟ್ಟೆಯೊಳಗೆ ಹೋಗಿತ್ತು.

ಉಗುರಿನಿಂದ ಕೆರೆದು ನೋಡಿದರು, ಕುಡುಗೋಲಿನಿಂದ ಕೆರೆದು ನೋಡಿದರು. ಕೆಮ್ಮಣ್ಣಿನ ಜೊತೆ ಸುಣ್ಣವೂ ಚಕ್ಕೆ ಚಕ್ಕೆಯಾಗಿ ಉದುರಿತು. ಉಳಿದ ಹನ್ನೊಂದು ಜನವೂ ಸೇರಿ ಅವಳಿಗೆ ಹಾಕಿದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಮಾರನೆಯ ದಿನ ಇನ್‌ಸ್ಪೆಕ್ಟರು ಸಿದ್ದರಾಜು ಬಂದು ಸುದ್ದಿ ಕೇಳಿ ಸೈಕಲ್ಲಿನಿಂದ ಇಳಿಯುವುದನ್ನೇ ಮರೆತು ಒಂದು ಕಾಲು ನೆಲಕ್ಕೂರಿ ನಿಂತ.

"ಅಮ್ಮಾ, ಕಾಲೋನಿಯ ಹಣವೆಲ್ಲ ನಿಮ್ಮೊಬ್ಬರ ಹೆಸರಿನಲ್ಲಿ ಬಂದಿದೆ. ಅದರಲ್ಲಿ ಇಷ್ಟನ್ನು ಇವರಿಗೆ ಹಾಲಿನ ಬೆಲೆ ಅಂತ ಕೊಟ್ಟಿದ್ದೀನಿ ಅನ್ನೋದಕ್ಕೆ ಆಧಾರ ಇದ್ದರೆ ಅದು ಖರ್ಚು. ಉಳಿದದ್ದು ಮಾತ್ರ ಆದಾಯ. ಆಧಾರ ಇಲ್ಲದಿದ್ದರೆ ಬಂದದ್ದೆಲ್ಲ ನಿಮ್ಮ ಆದಾಯ ಅಂತ ಅವರು ತಮಗೆ ತೋಚಿದಂತೆ ಲೆಕ್ಕ ಕಟ್ಟಿಬಿಡಬಹುದು. ಆಗ ಗಡಿಗೆಯಲ್ಲಿರೋದರ ಬಹುಪಾಲು ತೆರಿಗೆಗೇ ಹೋದರೂ ಹೋಯಿತು."

ಹೆಂಗಸರೆಲ್ಲ ಒಮ್ಮೆಲೇ ಗಡಿಗೆ ಇರುವ ಮೂಲೆಯ ಕಡೆ ನೋಡಿದರು. ಚಿಕ್ಕಬೋರಮ್ಮನೂ ಅತ್ತಲೇ ನೋಡಿದಳು. ಅವಳಿಗೆ ಬೇಕಾಗಿದ್ದದ್ದು ತೆರಿಗೆ ಕಟ್ಟುವವಳು ಎಂಬ ಹೆಸರು. ತೆರಿಗೆ ಕಟ್ಟಬೇಕಾಗುತ್ತದೆ ಎಂಬುದನ್ನು ಅವಳು ಯೋಚಿಸಿರಲೇ ಇಲ್ಲ.

"ನಿನ್ ಮರ್ವಾದೆಗೆ ನಮ್ ಎಮ್ಮೆ ಆಲು ಕರೀಬೇಕಾ?" ಎಂದಳು ದೇವಿರಮ್ಮ. "ನೀನು ಕುರ್ಚಿ ಮ್ಯಾಲೆ ಕೂರಾಕೆ ನಾವು ನೆಲದ್ ಮ್ಯಾಲೆ ಬೀಳ್ಬೇಕಾ? ಮಳವಳ್ಳಿಗೆ ನಾವೂ ಬತ್ತೀವಿ. ಬಂದು ಅವರ್ ಮುಂದೇನೇ ಲೆಕ್ಕ ಏಳ್ತೀವಿ."

ಹಾಗೆ ಹನ್ನೆರಡು ಜನವೂ ಮಳವಳ್ಳಿಗೆ ಹೊರಟರು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು. ಏರು ಬಂದಲ್ಲೆಲ್ಲ ಇಳಿದು ಒಮ್ಮೆ ಹೆಂಗಸರು ಬಸ್ಸನ್ನು ತಳ್ಳಿದರು, ಒಮ್ಮೆ ಬಸ್ಸು ಹೆಂಗಸರನ್ನು ಹೊತ್ತಿತು. ಪ್ರವಾಸಿ ಬಂಗಲೆ ಮುಟ್ಟುವಾಗ ಎಲ್ಲರ ಮುಖವೂ ಒಲೆ ಊದಿ ಬಂದಂತಿತ್ತು.

ಅಧಿಕಾರಿ ಬಂಗಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಸಣ್ಣ ಮೈಯ, ಬೆಳ್ಳಿ ಕಟ್ಟಿನ ಕನ್ನಡಕದ, ತಾಳ್ಮೆಯ ಮನುಷ್ಯ. ಅವರ ಎದುರಿಗೊಂದು ಕುರ್ಚಿ ಖಾಲಿ ಇತ್ತು. "ಯಾರಮ್ಮ ಚಿಕ್ಕಬೋರಮ್ಮ? ಬನ್ನಿ, ಕೂತ್ಕೊಳ್ಳಿ" ಎಂದರು. ಇಷ್ಟು ದಿನ ಕನಸಿನಲ್ಲಿ ಕಂಡ ಕುರ್ಚಿ. ಚಿಕ್ಕಬೋರಮ್ಮ ಅದರ ತುದಿಯಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂತಳು. ಮಿಕ್ಕವರು ಹಿಂದೆ ಗುಂಪಾಗಿ ನಿಂತರು, ಸಿದ್ದರಾಜು ಪಕ್ಕದಲ್ಲಿ ನಿಂತು ಗೋಡೆಯ ಕಥೆ ಹೇಳಿದ. ನವಿಲಿನ ವಿಷಯ ಬಂದಾಗ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಸೈಕಲ್ಲಿನ ಮೇಲಿನ ಚಿತ್ರ ಅವರದೇ ಎಂಬುದನ್ನು ಸಿದ್ದರಾಜು ಪುಣ್ಯಕ್ಕೆ ಹೇಳಲಿಲ್ಲ.

"ಆಗಲಿ. ಕಾಲೋನಿಯವರು ವರ್ಷಕ್ಕೆ ಎಷ್ಟು ಹಾಲು ಕೊಂಡಿದ್ದಾರೆ ಅನ್ನೋದು ಅವರ ಬಿಲ್ಲಿನಲ್ಲಿದೆ. ನೀವು ಒಬ್ಬೊಬ್ಬರು ಎಷ್ಟು ಹಾಕಿದಿರಿ, ಎಷ್ಟು ಬೆಲೆ ಪಡೆದಿರಿ ಹೇಳಿ. ಒಟ್ಟು ತಾಳೆಯಾದರೆ ನಾನು ಒಪ್ಪಿಕೊಳ್ತೀನಿ. ಗೋಡೆಯೇ ಆಗಬೇಕು ಅಂತಿಲ್ಲ."

ಇದಕ್ಕಿಂತ ಒಳ್ಳೆಯ ಮಾತು ಯಾರು ಹೇಳಿಯಾರು? ಆದರೆ ಹನ್ನೆರಡು ಜನ ಒಟ್ಟಿಗೆ ನಿಂತಿರುವಾಗ ನಿನ್ನ ಎಮ್ಮೆ ಎಷ್ಟು ಕರೆಯುತ್ತದೆ ಎಂದು ಕೇಳಬಾರದು ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ದೇವಿರಮ್ಮ ಮುಂದೆ ಬಂದು, "ನಂದು ಒತ್ತಿಗೆ ನಾಕ್ ಸೇರು" ಎಂದಳು. ಅದನ್ನು ಕೇಳಿದ ಮುದ್ದಮ್ಮ ತನ್ನದು ಐದು ಎಂದಳು. ಮುದ್ದಮ್ಮನಿಗೆ ಮಗಳ ಮದುವೆ ಮಾತು ನಡೆಯುತ್ತಿತ್ತು, ಬೀಗರ ಕಡೆಯವಳೊಬ್ಬಳು ಆ ಗುಂಪಿನಲ್ಲೇ ಇದ್ದಳು. ಬೀಗರ ಕಡೆಯವಳು ತಡಮಾಡದೆ ಆರು ಎಂದಳು. ಪಟ್ಟಲಮ್ಮನ ರೀತಿಯೇ ಬೇರೆ. ಅವಳಿಗೆ ದೃಷ್ಟಿಯ ಭಯ. "ಏನೋ ಸ್ವಾಮಿ, ಒಂದ್ ಅಷ್ಟು... ಬೆಕ್ಕಿಗಾಗೋವಷ್ಟು" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಮತ್ತೆ ಸೆರಗು ಸರಿಸಿ ಮೂರು ಸಲ ಉಗಿದಳು; ಅಧಿಕಾರಿಯ ಗುಮಾಸ್ತ ಕಾಲು ಹಿಂದಕ್ಕೆಳೆದುಕೊಂಡ. ಸುಲ್ತಾನ್ ಬೀ ಒಬ್ಬಳೇ ತನ್ನ ಲೆಕ್ಕವನ್ನು ಇದ್ದಂತೆ ಹೇಳಿದಳು. ಆಮೇಲೆ ಸುತ್ತ ನೋಡಿ, ಮಿಕ್ಕವರದಕ್ಕಿಂತ ತೀರ ಕಮ್ಮಿಯಾಯಿತೆಂದು ನಾಚಿಕೆಪಟ್ಟು ಇನ್ನರ್ಧ ಸೇರು ಸೇರಿಸಿದಳು.

ಗುಮಾಸ್ತ ಕೂಡಿದ. ಮತ್ತೊಮ್ಮೆ ಕೂಡಿದ. ಕಾಗದವನ್ನು ಅಧಿಕಾರಿಯ ಮುಂದೆ ಇಟ್ಟು ಬಾಗಿಲ ಕಡೆ ತಿರುಗಿ ನಿಂತ. ಅವನ ಬೆನ್ನು ಕುಲುಕುತ್ತಿತ್ತು.

"ಅಮ್ಮಂದಿರಾ," ಎಂದರು ಅಧಿಕಾರಿ, "ನೀವು ಹೇಳಿದ್ದನ್ನು ನಂಬಿದರೆ ಕಾಲೋನಿಯವರು ಕುಡಿದದ್ದಕ್ಕಿಂತ ಎರಡರಷ್ಟು ಹಾಲು ನೀವು ಹಾಕಿದ್ದೀರಿ. ನೀರು ಸೇರಿಸಿದ ಹಾಲು ಎಷ್ಟೋ ಕಂಡಿದ್ದೇನೆ. ಬರೀ ಮಾತು ಸೇರಿಸಿದ ಹಾಲು ಕಂಡದ್ದು ಇದೇ ಮೊದಲು. ಹೀಗೆ ಹೇಳಿದರೆ ನಾನು ಯಾವುದನ್ನೂ ಒಪ್ಪುವ ಹಾಗಿಲ್ಲ. ಇನ್ನು ಪ್ರಮಾಣ ಮಾಡಿ ಹೇಳಬೇಕಾಗುತ್ತೆ. ನೋಟೀಸು ನಿಮ್ಮ ಹೆಸರಿಗೆ ಬಂದಿರೋದು, ಚಿಕ್ಕಬೋರಮ್ಮನವರೇ. ನಿಮ್ಮಿಂದಲೇ ಶುರುವಾಗಲಿ. ನಿಮ್ಮ ಸ್ವಂತ ಹಾಲು ಎಷ್ಟು?"

"ನಂದು ಮಾದಪ್ಪನ ಮೀಸ್ಲು ಸ್ವಾಮಿ" ಎಂದಳು ಚಿಕ್ಕಬೋರಮ್ಮ.

"ಸಂತೋಷ. ದೇವರಿಗೆ ಇಟ್ಟದ್ದನ್ನು ನೀವು ಮಾರಿಲ್ಲ, ಅದಕ್ಕೆ ತೆರಿಗೆಯೂ ಇಲ್ಲ. ಅಷ್ಟನ್ನೇ ಮಾದಪ್ಪನ ಮೇಲೆ ಪ್ರಮಾಣ ಮಾಡಿ ಹೇಳಿ, ಬರ್ಕೋತೀನಿ."

ಚಿಕ್ಕಬೋರಮ್ಮ ಕೈ ಎತ್ತಿದಳು. ಕೈ ಅರ್ಧಕ್ಕೆ ನಿಂತಿತು. ಸುಳ್ಳು ಹೇಳಿದರೆ ಯಜಮಾನಿಕೆ ಉಳಿಯುತ್ತಿತ್ತು; ಯಾರೂ ಹಟ್ಟಿಗೆ ಬಂದು ಎಮ್ಮೆಯ ಕೆಚ್ಚಲು ಹಿಂಡಿ ನೋಡುವವರಿಲ್ಲ. ನಿಜ ಹೇಳಿದರೆ, ಅವಳೇ ಮಾಡಿದ ಕಾನೂನಿನ ಪ್ರಕಾರ, ಇನ್ನು ಗುಂಪಿನಲ್ಲಿ ಅವಳಿಗೆ ಮಾತಿಲ್ಲ. ಅದೂ ದೇವಿರಮ್ಮನ ಕಣ್ಣೆದುರಿಗೆ. ಆದರೆ ತಾನು ಸುಳ್ಳಿನಿಂದ ಶುರುಮಾಡಿದರೆ ಹಿಂದಿರುವವರೂ ತಮ್ಮ ತಮ್ಮ ನಾಲ್ಕು ಐದು ಆರನ್ನೇ ಪ್ರಮಾಣ ಮಾಡುತ್ತಾರೆ, ಗಡಿಗೆ ಹೋಗುತ್ತದೆ ಎಂಬುದೂ ಅವಳಿಗೆ ಹೊಳೆಯಿತು. ತಿರುಗಿ ನೋಡಿದಳು. ಸುಲ್ತಾನ್ ಬೀ ಮುಖದ ಮೇಲಿನ ಇದ್ದಿಲ ಮಸಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಇವಳನ್ನೇ ನೋಡುತ್ತಿದ್ದಳು.

ಚಿಕ್ಕಬೋರಮ್ಮ ಕುರ್ಚಿಯಿಂದ ಎದ್ದು ನೆಲದ ಮೇಲೆ ಕೂತಳು.

"ಇಲ್ಲ ಸ್ವಾಮಿ. ಮೀಸ್ಲೂ ಇಲ್ಲ, ಬೆಣ್ಣೇನೂ ಇಲ್ಲ. ಸಂಕ್ರಾಂತಿಯಿಂದ ನಮ್ಮೆಮ್ಮೆ ಒಂದ್ ತೊಟ್ಟು ಕರ್ದಿಲ್ಲ. ಅದ್ಕೂ ಮುಂಚೆ ಆಕಿದ್ದು ಒಂದೂವರೆ ಸೇರು, ಅದೂ ಎಮ್ಮೆ ಮನಸ್ ಬಂದ್ರೆ. ನಾನು ಇವರ್ ಮುಂದೆ ದೊಡ್ಡೋಳಾಗಾಕೆ ದ್ಯಾವ್ರ ಎಸ್ರು ಏಳಿದ್ದು. ನಂದು ಅಂತ ಏನೂ ಇಲ್ಲ ಸ್ವಾಮಿ. ಆ ದುಡ್ಡು ಇವರ್ದು."

ಹೇಳಿಬಿಟ್ಟು ಅವಳು ಅತ್ತಳು. ಅವಮಾನಕ್ಕೆ ಅತ್ತಳು, ಮಾದಪ್ಪನ ಹೆದರಿಕೆಗೆ ಅತ್ತಳು, ಇಷ್ಟು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಹೊರಗೆ ಬಂದ ಹಗುರಕ್ಕೂ ಅತ್ತಳು. ಈಗ ದೇವಿರಮ್ಮ ನಗುತ್ತಾಳೆ ಎಂದು ಕಾದಳು. ದೇವಿರಮ್ಮ ನಗಲಿಲ್ಲ.

"ಅಂಗಾದ್ರೆ ಮನೇಲಿ ಒಂದ್ ತೊಟ್ಟು ಇಲ್ದೇನೂ ಅಷ್ಟು ತಿಂಗ್ಳಿಂದ ನಮ್ ಆಲ ಬಿಟ್ಟಿ ಒತ್ಕೊಂಡ್ ಓದ್ಯೇನಮ್ಮಿ?" ಎಂದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಯಾರ ಮೇಲೋ ಸಿಟ್ಟಾದವಳಂತೆ ಗದರಿದಳು. "ಬರ್ಕಳಿ ಸ್ವಾಮಿ. ನಂದು ನಾಕಲ್ಲ, ಎರಡು. ಮಾದಪ್ಪನಾಣೆ."

ಮುದ್ದಮ್ಮನ ಐದು ಎರಡೂವರೆಗೆ ಇಳಿಯಿತು. ಬೀಗರ ಕಡೆಯವಳ ಆರು ಮೂರಾಯಿತು; ಅವಳು ಮುದ್ದಮ್ಮನಿಗಿಂತ ಅರ್ಧ ಸೇರು ಜಾಸ್ತಿ ಉಳಿಸಿಕೊಂಡದ್ದನ್ನು ಎಲ್ಲರೂ ಕಂಡರು, ಯಾರೂ ಏನೂ ಅನ್ನಲಿಲ್ಲ, ಏಕೆಂದರೆ ಅದು ನಿಜವಾಗಿತ್ತು. ಸುಲ್ತಾನ್ ಬೀ ತನ್ನ ಅರ್ಧ ಸೇರನ್ನು ವಾಪಸು ತೆಗೆದುಕೊಂಡು ದೇವರಿಗೆ ತಪ್ಪು ಕೇಳಿದಳು. ದೃಷ್ಟಿಗೆ ಹೆದರುವ ಪಟ್ಟಲಮ್ಮನದೇ ಆಶ್ಚರ್ಯ. ಅವಳ ಎಮ್ಮೆಯದೇ ಎಲ್ಲಕ್ಕಿಂತ ಹೆಚ್ಚು ಎಂದು ಆಗ ಗೊತ್ತಾಯಿತು. ಗುಮಾಸ್ತ ಮತ್ತೆ ಕೂಡಿದ. ಬಿಲ್ಲಿನ ಒಟ್ಟಿಗೂ ಇವರ ಒಟ್ಟಿಗೂ ಒಂದಿಷ್ಟು ಕೂದಲೆಳೆಯ ವ್ಯತ್ಯಾಸ ಬಿಟ್ಟರೆ ತಾಳೆಯಾಯಿತು.

ಅಧಿಕಾರಿ ಹೋಲ್ಡರು ಪೆನ್ನು ಕೆಳಗಿಟ್ಟರು. "ಈಗ ಕೇಳಿ. ನಿಮಗೆ ವಾರ ವಾರ ಕೊಟ್ಟ ಹಾಲಿನ ಬೆಲೆ ಖರ್ಚು, ಅದು ಹೋಯಿತು. ಗಡಿಗೆಯಲ್ಲಿ ಉಳಿದದ್ದೇ ಈ ಗುಂಪಿನ ಲಾಭ. ತೆರಿಗೆ ಬೀಳಬೇಕಾದರೆ ಆದಾಯ ಇಂತಿಷ್ಟು ದಾಟಬೇಕು ಅಂತ ಒಂದು ಗೆರೆ ಇದೆ. ನಿಮ್ಮದು ಅದರ ಹತ್ತಿರಕ್ಕೂ ಬಂದಿಲ್ಲ. ಈ ವರ್ಷ ತೆರಿಗೆ ಇಲ್ಲ."

"ಅಂದ್ರೆ ನಾನು ತೆರ್ಗೆ ಕಟ್ಟೋಳಲ್ವಾ?" ಎಂದಳು ಚಿಕ್ಕಬೋರಮ್ಮ. ಅಳುವಿನ ಮಧ್ಯೆಯೂ ಒಂದಿಷ್ಟು ಬೇಜಾರಾದಂತಿತ್ತು.

"ಅಲ್ಲಮ್ಮ. ಆದರೆ ಮುಂದೆ ಜೋಕೆ. ಕಾಲೋನಿ ಬೆಳೀತಾ ಇದೆ, ನೀವೂ ಬೆಳೀತೀರಿ. ನೋಂದಣಿ ಇಲ್ಲದ ಗುಂಪನ್ನು ಕಾನೂನು ಒಬ್ಬ ಮನುಷ್ಯನ ಹಾಗೆ ನೋಡುತ್ತೆ. ಒಬ್ಬೊಬ್ಬರಿಗೆ ಬರೋದು ಕೈಕಾಸೇ ಆದರೂ, ಎಲ್ಲ ಕೂಡಿಸಿದ ಲಾಭ ಗೆರೆ ದಾಟಿದರೆ ತೆರಿಗೆ ಬೀಳುತ್ತೆ. ಸಹಕಾರ ಸಂಘ ಅಂತ ನೋಂದಾಯಿಸಿದರೆ ಸಂಘದ ಲಾಭದ ಮೇಲಿನ ತೆರಿಗೆಯನ್ನ ಸರ್ಕಾರ ಮಾಫಿ ಮಾಡಿದೆ. ಸುಮ್ಮನೆ ಅಲ್ಲ. ಲಾಭದಲ್ಲಿ ಕಾಲು ಭಾಗ ಮುಟ್ಟದೆ ಆಪದ್ಧನಕ್ಕೆ ಇಡಬೇಕು, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಗೆ ಕೊಡಬೇಕು. ಲೆಕ್ಕ," ಎಂದು ಬೆರಳೆತ್ತಿದರು, "ಕಾಗದದ ಮೇಲೆ."

"ಕಾಲ್ ಭಾಗ ಮುಟ್ಟಂಗಿಲ್ಲ ಅಂದ್ರೆ ಅದೂ ಒಂಥರಾ ಮೀಸ್ಲೇ ಆಯ್ತಲ್ಲ" ಎಂದಳು ಪಟ್ಟಲಮ್ಮ. ಎಲ್ಲರೂ ಚಿಕ್ಕಬೋರಮ್ಮನ ಕಡೆ ನೋಡಿ, ಆಮೇಲೆ ಪಾಪ ಎನಿಸಿ ಬೇರೆ ಕಡೆ ನೋಡಿದರು.

ಸಿದ್ದರಾಜು ಇದನ್ನೇ ಕಾಯುತ್ತಿದ್ದ. ಚೀಲದಿಂದ ಅರ್ಜಿ ತೆಗೆದು ಅದೇ ಜಗಲಿಯಲ್ಲಿ ಹರಡಿದ. ಹೆಬ್ಬೆಟ್ಟು ಒತ್ತುವಾಗ ಮಸಿಯ ಡಬ್ಬಿ ಬೇಡ, ಬಸ್ಸಿನ ಮಸಿಯೇ ಸಾಕು ಎಂದು ಮುದ್ದಮ್ಮ ತಮಾಷೆ ಮಾಡಿದಳು. ಅರ್ಜಿ ಬೆಂಗಳೂರಿಗೆ ಹೋಗಿ, ಎರಡು ಸಲ ತಪ್ಪು ಹುಡುಕಿಸಿಕೊಂಡು ವಾಪಸು ಬಂದು, ಮಳೆಗಾಲ ಮುಗಿಯುವ ಹೊತ್ತಿಗೆ ಹುಣಸೇಕೊಪ್ಪಲಿನ ಮಹಿಳಾ ಹಾಲು ಸರಬರಾಜು ಸಹಕಾರ ಸಂಘ ನೋಂದಣಿಯಾಯಿತು. ಅಧ್ಯಕ್ಷೆ ದೇವಿರಮ್ಮ. ಚಿಕ್ಕಬೋರಮ್ಮ ತಾನೇ ಮಾಡಿದ ಕಾನೂನನ್ನು ಪಾಲಿಸಿ, ಎಮ್ಮೆ ಈಯುವವರೆಗೂ ಸಭೆಯಲ್ಲಿ ತುಟಿ ಬಿಚ್ಚಲಿಲ್ಲ. ಅವಳನ್ನು ಬಲ್ಲವರಿಗೆ ಇದು ನೋಂದಣಿಗಿಂತ ದೊಡ್ಡ ಸುದ್ದಿ. ಆದರೆ ಹಾಲು ಹೊರುವುದನ್ನು ಬಿಡಲಿಲ್ಲ. ಬಿಡು ಎಂದು ಯಾರೂ ಹೇಳಲೂ ಇಲ್ಲ.

ಸಂಘದ ಮೊದಲ ವರ್ಷದ ಸಭೆ ಒಂದು ಬೆಳಗ್ಗೆ, ಹಾಲು ಅಳೆದು ಮುಗಿದ ಮೇಲೆ, ಅವಳ ಹಟ್ಟಿಯಲ್ಲೇ ಸೇರಿತು. ಕಾಲೋನಿ ಬೆಳೆದಿತ್ತು, ಲಾಭವೂ ಬೆಳೆದಿತ್ತು, ತೆರಿಗೆ ಮಾಫಿಯಾಗಿತ್ತು. ಸಿದ್ದರಾಜು ಲಾಭ ಓದಿ ಹೇಳಿ, ಕಾಲು ಭಾಗ ಆಪದ್ಧನಕ್ಕೆ ತೆಗೆದಿಟ್ಟು, ಉಳಿದದ್ದನ್ನು ಸೇರಿನ ಪ್ರಕಾರ ಹಂಚುವ ಪಟ್ಟಿ ಹಿಡಿದ. ಚಿಕ್ಕಬೋರಮ್ಮನ ಎಮ್ಮೆ ಈದು ಇನ್ನೂ ಎರಡು ತಿಂಗಳು. ಅವಳ ಪಾಲು ಎಲ್ಲಕ್ಕಿಂತ ಕಮ್ಮಿ. ಅವಳು ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು, ಸಪ್ಪೆಯಾಗಿ ನಕ್ಕಳು.

ಆಗ ದೇವಿರಮ್ಮ ಗಂಟಲು ಸರಿಮಾಡಿಕೊಂಡಳು. "ಸ್ವಾಮಿ, ಒಂದ್ ಮಾತು. ಆಲು ಒತ್ಕೊಂಡ್ ಓಗೋಳ್ಗೆ ಪಾಲ್ನಾಗೆ ಜಾಸ್ತಿ ಕೊಡಂಗಿಲ್ವಾ?"

"ಲಾಭ ಹಂಚೋದು ಹಾಲಿನ ಪ್ರಕಾರ ಮಾತ್ರ, ನಿಮ್ಮ ನಿಬಂಧನೆಯಲ್ಲೇ ಹಾಗಿದೆ" ಎಂದ ಸಿದ್ದರಾಜು. "ಆದರೆ ಸಂಘ ಕೆಲಸದವರಿಗೆ ಸಂಬಳ ಕೊಡಬಹುದು. ಅದು ಖರ್ಚು. ಲಾಭ ಲೆಕ್ಕ ಹಾಕೋ ಮೊದಲೇ ಕಳೀತೀವಿ."

"ಅಂಗಾದ್ರೆ ಬರ್ಕಳಿ. ಬರೋ ವರ್ಸದಿಂದ ಇವ್ಳಿಗೆ ತಿಂಗ್ಳ ಸಂಬ್ಳ. ಲಾಬ ಕಮ್ಮಿ ಆದ್ರೆ ಆಗ್ಲಿ. ಯಾರಾದ್ರೂ ಬ್ಯಾಡ ಅಂತೀರೇನ್ರೇ?"

ಯಾರೂ ಬೇಡ ಎನ್ನಲಿಲ್ಲ. ಒಪ್ಪಿಗೆಯೆಂದು ಸುಲ್ತಾನ್ ಬೀ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದಳು. ಸಿದ್ದರಾಜು ಬರೆದುಕೊಂಡು, ಇಲಾಖೆಯವನಾದ್ದರಿಂದ ಒಂದು ಮಾತು ಸೇರಿಸಿದ. "ಇನ್ನೊಂದು ವಿಷಯ. ಸಂಘದ ಲಾಭಕ್ಕೆ ಮಾಫಿ ಸರಿ. ಆದರೆ ಸಂಬಳ ಇವರ ಸ್ವಂತ ಆದಾಯ. ಅದಕ್ಕೆ ಈ ಮಾಫಿ ಅನ್ವಯಿಸೋದಿಲ್ಲ."

ಚಿಕ್ಕಬೋರಮ್ಮ ತಲೆಯೆತ್ತಿದಳು. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಹಳೆಯ ಕಳೆ ಬಂದಿತ್ತು. "ಅಂದ್ರೆ ನಂಗೆ ಮತ್ತೆ ನೋಟೀಸು ಬತ್ತದಾ ಸ್ವಾಮಿ?"

"ಈ ಸಂಬಳಕ್ಕೆ ಬರೋಲ್ಲಮ್ಮ. ಆ ಗೆರೆ ಮುಟ್ಟಬೇಕಾದರೆ ನಿಮ್ಮಂಥವರು ಹತ್ತಿಪ್ಪತ್ತು ಜನರ ಸಂಬಳವನ್ನ ನೀವೊಬ್ಬರೇ ತಗೋಬೇಕಾಗುತ್ತೆ."

ಹಟ್ಟಿಯಲ್ಲಿದ್ದವರೆಲ್ಲ ನಕ್ಕರು, ಎಮ್ಮೆಯೂ ಕತ್ತು ತಿರುಗಿಸಿ ನೋಡಿತು. ಚಿಕ್ಕಬೋರಮ್ಮನೂ ನಗಲು ಹೋದಳು, ಆದರೆ ದೇವಿರಮ್ಮನ ಮುಖ ಕಂಡು ನಗು ಅಳುವಾಗಿ ತಿರುಗಿತು. ತನ್ನ ಜೀವಮಾನದಲ್ಲಿ ಇಂಥ ಮರ್ಯಾದೆ ಸಿಕ್ಕಿದ್ದು ಇದೇ ಮೊದಲೆಂದು ಅವಳಿಗೆ ಅನ್ನಿಸಿತು.

"ಅಳ್ಬ್ಯಾಡ ಕಣಮ್ಮಿ, ಒತ್ತಾಯ್ತದೆ" ಎಂದಳು ದೇವಿರಮ್ಮ ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ. "ಬಿಸ್ಲು ಏರುದ್ರೆ ಆಲು ಒಡೀತದೆ. ಏಳು, ಎತ್ತು."

ಚಿಕ್ಕಬೋರಮ್ಮ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ನಿಂತಳು. ಹಾಲಿನ ಕೊಡವನ್ನು ಅವತ್ತು ದೇವಿರಮ್ಮನೇ ಎತ್ತಿ ಕೊಟ್ಟಳು.